ಇಳಿಜಾರು ಛಾವಣಿಯ ಗಾಡಿ ಮಾರಿ ಎತ್ತರದ ಸಣ್ಣ ಗಾಡಿ ತಗೊಂಡೆ: ಕಣ್ಣಿಗೆ ಕಾಣುವ ಲೆಕ್ಕ

ನನ್ನ ಎತ್ತರ ಐದು ಅಡಿ ಒಂದು ಇಂಚು. ದಿನಾ ಕಲಬುರಗಿ ಊರೊಳಗಿಂದ ಸೇಡಂ ರಸ್ತೆ ಕಡೆಗಿರುವ ಶಾಲೆಗೆ ಹೋಗಿ ಬರುತ್ತೇನೆ. ಹದಿನಾಲ್ಕು ತಿಂಗಳು ಒಂದು ಗಾಡಿ ಓಡಿಸಿ ಮಾರಿದೆ. ಈಗಿನದಕ್ಕೆ ಎಂಟು ತಿಂಗಳಾಯಿತು. ಮೊದಲಿನದು ಹಿಂದಕ್ಕೆ ಇಳಿಜಾರಾದ ಛಾವಣಿಯ ಎಸ್‌ಯುವಿ. ಈಗಿನದು ನೆಟ್ಟಗೆ ನಿಂತ, ಎತ್ತರದ ಹ್ಯಾಚ್‌ಬ್ಯಾಕ್. ನನಗೆ ಈಗಿನದೇ ಇಷ್ಟ. ಯಾಕೆ ಅಂತ ಹೇಳುತ್ತೇನೆ.

ಶುರುವಾದದ್ದು ಪಟೇಲ್ ಸರ್ಕಲ್‌ನಲ್ಲಿ. ಬೆಳಿಗ್ಗೆ ಎಂಟೂವರೆ. ನಿಧಾನಕ್ಕೆ ಸರ್ಕಲ್ ಹತ್ತಿರ ಬಂದೆ, ಬಲಕ್ಕೆ ನೋಡಿದೆ, ಯಾರೂ ಇಲ್ಲ. ಮುಂದೆ ಹೋದೆ. ನನ್ನ ಗಾಡಿಯ ಬಲಗಡೆ ಕಂಬದ ಹಿಂದಿನಿಂದ ಒಂದು ಸ್ಕೂಟರ್ ಹೊರಬಂತು, ಹಿಂದಿನ ಸೀಟಿನಲ್ಲಿ ಶಾಲೆ ಬ್ಯಾಗ್ ಹಾಕಿಕೊಂಡ ಹುಡುಗಿ. ಬ್ರೇಕ್ ಒತ್ತಿದೆ. ನನ್ನ ಬಂಪರ್‌ಗೂ ಆ ಸ್ಕೂಟರ್‌ಗೂ ನಡುವೆ ಒಂದು ಗೇಣು ಉಳಿದಿತ್ತು. ನಾನು ನೋಡಿದ್ದೆ, ಅದು ಸುಳ್ಳಲ್ಲ. ಆದರೆ ಸ್ಕೂಟರ್ ಕಂಡಿರಲಿಲ್ಲ.

ಮುಂದಿನ ಗ್ಲಾಸಿನ ಪಕ್ಕದಲ್ಲಿ ಛಾವಣಿ ಹೊತ್ತು ನಿಂತ ಕಂಬ ಇದೆಯಲ್ಲ, ಎ ಪಿಲ್ಲರ್ ಅನ್ನುತ್ತಾರೆ, ತಪ್ಪು ಅದರದ್ದು. ನಾನು ಮುಂದೆ ಹೋಗುತ್ತಿದ್ದೆ, ಸ್ಕೂಟರ್ ಬಲದಿಂದ ಬರುತ್ತಿತ್ತು. ಇಬ್ಬರ ವೇಗ ಹೊಂದಿಕೊಂಡುಬಿಟ್ಟರೆ ಸ್ಕೂಟರ್ ಕಂಬದ ಹಿಂದೆಯೇ ಉಳಿದು ನನ್ನ ಜೊತೆ ಸಾಗುತ್ತದೆ. ಒಂದು ಕ್ಷಣ ಮರೆಯಾಗಿ ಮತ್ತೆ ಕಾಣುವುದಿಲ್ಲ, ತಾಗುವವರೆಗೂ ಮರೆಯಲ್ಲೇ ಇರುತ್ತದೆ. ನಮ್ಮ ದೇಶದಲ್ಲಿ ಡ್ರೈವರ್ ಬಲಗಡೆ ಕೂರುವುದರಿಂದ ಬಲಗಂಬ ಕಣ್ಣಿಗೆ ಹತ್ತಿರ. ಸರ್ಕಲ್‌ನಲ್ಲಿ ಗಾಡಿ ಬರುವುದೂ ಅದೇ ಕಡೆಯಿಂದ. ನನ್ನಂಥ ಗಿಡ್ಡನೆಯವರು ಪೆಡಲ್ ಎಟುಕಲಿ ಅಂತ ಸೀಟು ಮುಂದೆ ಎಳೆದುಕೊಳ್ಳುತ್ತೇವೆ. ಕಂಬ ಇನ್ನೂ ಹತ್ತಿರವಾಗಿ ಇನ್ನೂ ದಪ್ಪ ಕಾಣುತ್ತದೆ.

ಮಾರುವ ಮುಂಚೆ ತಮ್ಮನನ್ನು ಕರೆದುಕೊಂಡು ಒಂದು ಭಾನುವಾರ ಖಾಲಿ ಮೈದಾನದಲ್ಲಿ ಅಳೆದೆ. ಮೊದಲು ನಾನು ದಿನಾ ಕೂರುವಂತೆಯೇ ಸೀಟು ಹೊಂದಿಸಿಕೊಂಡೆ. ತಮ್ಮ ಐವತ್ತು ಅಡಿ ದೂರ ನಿಂತು ಬಲಗಂಬದ ಹಿಂದೆ ಅಡ್ಡಡ್ಡ ನಡೆದ. ನಾನು ತಲೆ ಅಲ್ಲಾಡಿಸದೆ ಎರಡೂ ಕಣ್ಣು ಬಿಟ್ಟು ನೋಡುತ್ತಿದ್ದೆ.

"ಕಾಣ್ತೀನೇನಕ್ಕಾ?"

"ಇಲ್ಲೋ, ಪೂರಾ ಹೋಗಿಬಿಟ್ಟಿ."

ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಟೇಪ್ ಹಿಡಿದರೆ ಮುಚ್ಚಿಹೋದ ಜಾಗ ನಾಲ್ಕು ಅಡಿ. ಎದುರಿನಿಂದ ಬರುವ ಸ್ಕೂಟರ್ ಅಗಲ ಸುಮಾರು ಎರಡೂವರೆ ಅಡಿ. ಅಂದರೆ ಸ್ಕೂಟರ್ ಪೂರ್ತಿ ಅಡಗಿ, ಮೇಲೆ ಜಾಗ ಉಳಿಯುತ್ತದೆ! ಈಗಿನ ಗಾಡಿಯಲ್ಲಿ ಅದೇ ದೂರದಲ್ಲಿ ಮುಚ್ಚುವುದು ಒಂದೂವರೆ ಅಡಿ. ತಮ್ಮನ ಒಂದು ಭುಜವಾದರೂ ಯಾವಾಗಲೂ ಈಚೆಗೋ ಆಚೆಗೋ ಕಾಣುತ್ತಿತ್ತು.

ಎರಡು ಕಂಬಗಳ ದಪ್ಪದಲ್ಲಿ ವ್ಯತ್ಯಾಸ ಕೇವಲ ಮೂರು ಸೆಂಟಿಮೀಟರ್. ಕೂತಲ್ಲಿಂದ ಅಡ್ಡ ಹಿಡಿದು ಅಳೆದರೆ ಹಳೆಯದು 11, ಹೊಸದು 8. ಇಷ್ಟಕ್ಕೆ ಅಷ್ಟೊಂದು ಫರಕು ಬರುವುದು ನಮ್ಮ ಎರಡು ಕಣ್ಣಿನಿಂದ. ಕಣ್ಣುಗಳ ನಡುವಿನ ಅಂತರ ಸುಮಾರು ಆರೂವರೆ ಸೆಂಟಿಮೀಟರ್. ಕಂಬ ಅದಕ್ಕಿಂತ ತೆಳುವಾಗಿದ್ದರೆ ಒಂದು ಕಣ್ಣಿಗೆ ಮರೆಯಾದದ್ದು ಇನ್ನೊಂದಕ್ಕೆ ಕಾಣುತ್ತದೆ, ದೂರದ್ದು ಏನೂ ಅಡಗುವುದಿಲ್ಲ. ಅದಕ್ಕಿಂತ ದಪ್ಪ ಹೆಚ್ಚಾದಷ್ಟೂ ದೂರ ಹೋದಂತೆ ಮರೆ ಅಗಲವಾಗುತ್ತದೆ.

ಕಂಬ ದಪ್ಪ ಇರುವುದು ಸುಮ್ನೆ ಅಲ್ಲ. ಗಾಡಿ ಪಲ್ಟಿ ಹೊಡೆದರೆ ಛಾವಣಿ ಕುಸಿಯದಂತೆ ತಡೆಯುವುದು ಅದೇ. ಅದಕ್ಕೇ ತೆಳು ಕಂಬ ಸಿಗುತ್ತದೆ ಅಂತ ಹಳೇ ಕಾಲದ ಗಾಡಿ ಹುಡುಕಲು ನಾನು ಹೇಳುವುದಿಲ್ಲ. ಹೊಸ ಗಾಡಿಗಳಲ್ಲೇ ಫರಕು ಇದೆ. ಪಕ್ಕದ ಕನ್ನಡಿ ಎಲ್ಲಿ ಕೂತಿದೆ ಅಂತಲೂ ನೋಡಿ. ಹಳೆಯದರಲ್ಲಿ ಕನ್ನಡಿ ಕಂಬದ ಬುಡಕ್ಕೇ ಅಂಟಿಕೊಂಡಿತ್ತು, ಎರಡೂ ಸೇರಿ ಒಂದೇ ಗೋಡೆ. ಈಗಿನದರಲ್ಲಿ ಕನ್ನಡಿ ಬಾಗಿಲಿನ ಮೇಲೆ ಕೂತಿದೆ. ಕಂಬಕ್ಕೂ ಕನ್ನಡಿಗೂ ನಡುವೆ ನಾಲ್ಕು ಬೆರಳು ಸಂದಿ. ಬಲಕ್ಕೆ ತಿರುಗುವಾಗ ರಸ್ತೆ ದಾಟುತ್ತಿರುವ ಮಗು ಆ ಸಂದಿಯಲ್ಲೇ ಕಾಣುತ್ತದೆ.

ಹಿಂದಿನ ನೋಟಕ್ಕೆ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್ ಒಂದರ ಮೇಲೊಂದು ಇಟ್ಟೆವು. ಒಟ್ಟು ಮೂರಡಿ ಚಿಲ್ಲರೆ, ಹೆಚ್ಚುಕಡಿಮೆ ಅಂಗನವಾಡಿ ಮಗುವಿನ ಎತ್ತರ. ಕುತ್ತಿಗೆ ಹಿಂದೆ ತಿರುಗಿಸಿ ನೋಡುತ್ತಾ, ಮೇಲಿನ ಕ್ಯಾನಿನ ತುದಿ ಕಾಣುವವರೆಗೆ ತಮ್ಮ ಅದನ್ನು ಹಿಂದೆ ಹಿಂದೆ ಸರಿಸಿದ. ಈಗಿನ ಗಾಡಿಯಲ್ಲಿ ಎರಡು-ಮೂರು ಅಡಿಗೇ ಕಂಡಿತು. ಇಳಿಜಾರಿನದರಲ್ಲಿ ಹದಿನೆಂಟು ಅಡಿ! ಅದರ ಹಿಂದಿನ ಗ್ಲಾಸಿನ ಕೆಳ ಅಂಚು ಎತ್ತರಕ್ಕಿದೆ, ಮೇಲಿಂದ ಛಾವಣಿ ಇಳಿದು ಬಂದಿದೆ, ಉಳಿದದ್ದು ಅಂಚೆ ಡಬ್ಬಿಯ ಬಾಯಿ. ಹಿಂದೆ ಸಿಮೆಂಟ್ ಲಾರಿ ಬಂದರೆ ಅದರ ಬಂಪರ್ ಕಾಣುತ್ತಿತ್ತು, ಡ್ರೈವರ್ ಕಾಣುತ್ತಿರಲಿಲ್ಲ.

ಶೋರೂಮಿನವರಿಗೆ ಆಗಲೇ ಕೇಳಿದ್ದೆ. "ಕ್ಯಾಮೆರಾ ಅದ ಅಲ್ರೀ ಮೇಡಂ" ಅಂದಿದ್ದರು. ಕ್ಯಾಮೆರಾ ಒಳ್ಳೆಯದೇ, ಈಗಿನದರಲ್ಲೂ ಹಾಕಿಸಿದ್ದೇನೆ. ಆದರೆ ಮಳೆಗಾಲದಲ್ಲಿ ನಮ್ಮ ಎರೆಮಣ್ಣು ಅದರ ಕಣ್ಣಿಗೆ ಅಂಟಿದರೆ ಪರದೆಯಲ್ಲಿ ಬರೀ ಕಂದು. ಅಲ್ಲದೆ ನನ್ನ ಗಾಡಿಯಲ್ಲಿ ಅದು ರಿವರ್ಸ್ ಗೇರ್‌ನಲ್ಲಿ ಮಾತ್ರ ಎಚ್ಚರ ಇರುತ್ತದೆ. ರಿಂಗ್ ರಸ್ತೆಯಲ್ಲಿ ಎಡಕ್ಕೆ ಸರಿಯುವಾಗ ಹಿಂದಿನ ದಪ್ಪ ಕಂಬದ ಮರೆಯಲ್ಲಿರುವ ಬೈಕನ್ನು ಅದು ತೋರಿಸುವುದಿಲ್ಲ.

ಅದಕ್ಕೆ ಕನ್ನಡಿ ಹೊಂದಿಸುವುದೇ ದಾರಿ, ಯಾವ ಗಾಡಿಯಾದರೂ ಸರಿ. ತಲೆಯನ್ನು ಬಲ ಕಿಟಕಿಗೆ ತಾಗುವಷ್ಟು ವಾಲಿಸಿ, ನಿಮ್ಮ ಗಾಡಿಯ ಪಕ್ಕೆ ಚೂರೇ ಚೂರು ಕಾಣುವವರೆಗೆ ಬಲಗನ್ನಡಿ ಹೊರಕ್ಕೆ ತಿರುಗಿಸಿ. ಎಡಗನ್ನಡಿಗೆ ಗಾಡಿಯ ನಡುವಿಗೆ ವಾಲಿ ಹಾಗೇ ಮಾಡಿ. ಆಮೇಲೆ ಒಬ್ಬರನ್ನು ಹಿಂದಿನಿಂದ ಪಕ್ಕಕ್ಕೆ ನಡೆದು ಬರಲು ಹೇಳಿ. ಒಳಗನ್ನಡಿಯಿಂದ ಜಾರುವ ಮುಂಚೆ ಪಕ್ಕದ ಕನ್ನಡಿಗೆ ಬರಬೇಕು. ಅಲ್ಲಿಂದ ಜಾರುವ ಮುಂಚೆ ಕಿಟಕಿಯಲ್ಲಿ ಕಾಣಬೇಕು. ಇಳಿಜಾರಿನ ಗಾಡಿಯಲ್ಲಿ ತಮ್ಮ ನಡುವೆ ಎರಡು ಹೆಜ್ಜೆ ಮಾಯವಾಗುತ್ತಿದ್ದ, ಎಷ್ಟು ತಿರುಗಿಸಿದರೂ ಸರಿಹೋಗಲಿಲ್ಲ.

ಭಾವನ ಸೆಡಾನ್ ಕೂಡ ನೋಡಿದೆ. ಕಂಬ ಪರವಾಗಿಲ್ಲ, ಆದರೆ ನನಗೆ ಬಾನೆಟ್ ತುದಿಯೇ ಕಾಣಲಿಲ್ಲ. ಬಿಟ್ಟೆ.

ಇಳಿಜಾರಿನದು ಹೆದ್ದಾರಿಯಲ್ಲಿ ಗಟ್ಟಿಯಾಗಿ ಕೂರುತ್ತಿತ್ತು, ಎಸಿಯೂ ಜೋರು. ಹುಮನಾಬಾದ್ ಕಡೆ ದೂರ ಓಡಾಡುವ ಎತ್ತರದವರಿಗೆ ಆಗಬಹುದು. ನನ್ನ ಓಡಾಟ ಸೂಪರ್ ಮಾರ್ಕೆಟ್, ಗಂಜ್, ಶಾಲೆ. ಮಾರಿದಾಗ ಒಂದೂವರೆ ಲಕ್ಷ ಕೈಬಿಟ್ಟಿತು. ಹೊಸದು ಅದಕ್ಕಿಂತ ಮೂರು ಲಕ್ಷ ಕಡಿಮೆ ಬೆಲೆಯದ್ದು, ಹಾಗಾಗಿ ಸಾಲ ಮಾಡಬೇಕಾಗಲಿಲ್ಲ. ಮೊದಲ ಸಲ ಟೆಸ್ಟ್ ಡ್ರೈವ್ ಅಂತ ಸಂಜೆ ರಿಂಗ್ ರಸ್ತೆಯಲ್ಲಿ ನೆಟ್ಟಗೆ ಓಡಿಸಿ ಬಂದದ್ದೇ ನಾನು ಮಾಡಿದ ತಪ್ಪು. ಎರಡನೇ ಸಲ ಬೆಳಿಗ್ಗೆ ಎಂಟೂವರೆಗೆ ಅದೇ ಪಟೇಲ್ ಸರ್ಕಲ್‌ಗೆ ಒಯ್ದೆ.

ಈಗಲೂ ಸರ್ಕಲ್‌ನಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಬಗ್ಗಿ ಕಂಬದ ಆಚೆ ನೋಡಿಯೇ ಹೋಗುತ್ತೇನೆ. ತೆಳು ಕಂಬವೂ ಕಂಬವೇ, ಅಲ್ವಾ?

ತಮ್ಮ ಈಗ ಏಳು ಸೀಟಿನ ಗಾಡಿ ನೋಡುತ್ತಿದ್ದಾನೆ. ಶೋರೂಮಿನಲ್ಲಿ ಮೂರನೇ ಸಾಲು ಮಡಚಿಟ್ಟಿರುತ್ತಾರೆ, ಹಿಂದೆಲ್ಲ ಬಯಲು ಕಾಣುತ್ತದೆ. ಆ ಸೀಟು ಎತ್ತಿ, ತಲೆದಿಂಬು ಮೇಲೆ ಮಾಡಿ, ಆಮೇಲೆ ನೋಡೋಣ ಅಂದಿದ್ದೇನೆ. ಬರುವ ಭಾನುವಾರ ಹೋಗುತ್ತೇವೆ, ನೀರಿನ ಕ್ಯಾನ್ ಎರಡೂ ಡಿಕ್ಕಿಯಲ್ಲೇ ಇವೆ.