ವಯಸ್ಸು ನೋಡಿ ಒಂದು ಸ್ಕ್ರಿಪ್ಟ್, ಊರು ನೋಡಿ ಇನ್ನೊಂದು

ನಮ್ಮ ಚಿಕ್ಕಮ್ಮ ಧಾರವಾಡದಲ್ಲಿ ಶೇಂಗಾ ಚಟ್ನಿ ಕುಟ್ಟಿ, ಪಾರ್ಸೆಲ್ ಮಾಡಿ ಮಾರುತ್ತಾರೆ. ಅವರ ಯೂಟ್ಯೂಬ್ ಪ್ರಚಾರದ ವಿಡಿಯೋಗಳಿಗೆ ಮಾತು ಬರೆದುಕೊಡುವವಳು ನಾನು. ಮೊದಲ ವಿಡಿಯೋ 45 ಸೆಕೆಂಡಿನದು. ಅದರಲ್ಲಿ 110 ಪದ ತುರುಕಿದ್ದೆ. ಆಮೇಲೆ ನೋಡುಗರ ಬಗ್ಗೆ ಯೂಟ್ಯೂಬ್ ಕೊಡುವ ಅಂಕಿಅಂಶ ನೋಡಿ ಎರಡು ಸ್ಕ್ರಿಪ್ಟ್ ಬರೆದೆ. ಒಂದು ವಯಸ್ಸು ನೋಡಿ, ಇನ್ನೊಂದು ಊರು ನೋಡಿ.

ವಯಸ್ಸಿನ ಪಟ್ಟಿಯಲ್ಲಿ ಜಾಸ್ತಿ ವೀಕ್ಷಣೆ ಇದ್ದದ್ದು 25–34ರವರದು. ಅಷ್ಟೇ ನೋಡಿದ್ದರೆ ಮಾತಿನ ವೇಗ ಇನ್ನೂ ಹೆಚ್ಚಿಸುತ್ತಿದ್ದೆ. ಆದರೆ ಪಕ್ಕದ Average percentage viewed ಸಾಲು, ಅಂದರೆ ವಿಡಿಯೋದಲ್ಲಿ ಸರಾಸರಿ ಶೇಕಡಾ ಎಷ್ಟು ಭಾಗ ನೋಡಿದರು ಅನ್ನುವ ಲೆಕ್ಕ, ಬೇರೆಯೇ ಹೇಳಿತು. ಕೊನೆಯವರೆಗೂ ಕೂತು ನೋಡಿದವರು 45 ವರ್ಷ ದಾಟಿದವರು. ಯಾವ ಸೆಕೆಂಡಿನಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದರು ಅಂತ ತೋರಿಸುವ ಗ್ರಾಫಿನಲ್ಲಿ ಗೆರೆ ಧಡಕ್ಕನೆ ಇಳಿದದ್ದು 12ನೇ ಸೆಕೆಂಡಿನಲ್ಲಿ. ಅಲ್ಲಿ ಚಿಕ್ಕಮ್ಮ ತೂಕ, ಬೆಲೆ, ಫೋನ್ ನಂಬರ್ ಮೂರನ್ನೂ ಒಂದೇ ಉಸಿರಿಗೆ ಹೇಳಿದ್ದರು. ಹೊಸದರಲ್ಲಿ 80 ಪದ ಮಾತ್ರ ಇಟ್ಟೆ. ತೂಕ ಹೇಳಿ ನಿಲ್ಲು, ಬೆಲೆ ಹೇಳಿ ನಿಲ್ಲು, ನಂಬರ್ ಕೊನೆಗೆ ಎರಡು ಸಲ. ಆ ಇಳಿತ ಹೋಯಿತು. ಹುಡುಗರೂ ಎದ್ದು ಹೋಗಲಿಲ್ಲ.

ಊರಿನ ಪಟ್ಟಿಯಲ್ಲಿ ಬೆಂಗಳೂರು ಮೊದಲು, ಹುಬ್ಬಳ್ಳಿ ಆಮೇಲೆ. ಸರಿ, ಬೆಂಗಳೂರಿನವರಿಗೆ ಅಂತ ‘ಕಡಲೆಕಾಯಿ ಚಟ್ನಿಪುಡಿ’ ಅಂತ ಬರೆದೆ, ಧಾಟಿಯನ್ನೂ ಆ ಕಡೆಗೆ ತಿರುಗಿಸಿದೆ. ಚಿಕ್ಕಮ್ಮ ಪಾಠ ಒಪ್ಪಿಸುವವರ ಹಾಗೆ ಓದಿದರು. ಕೆಳಗೆ ಮೊದಲ ಕಾಮೆಂಟೇ ‘ಶೇಂಗಾ ಅನ್ರೀ ಅಕ್ಕಾರ’ ಅಂತ! ಆಗ ಆರ್ಡರ್ ಪುಸ್ತಕ ತೆಗೆದು ಪಿನ್‌ಕೋಡ್ ನೋಡಿದೆ. 560ರಿಂದ ಶುರುವಾಗುವ ಬೆಂಗಳೂರಿನ ವಿಳಾಸಗಳೇನೋ ಜಾಸ್ತಿ ಇದ್ದವು. ಆದರೆ ಆ ವಿಳಾಸದವರಿಗೆ ಫೋನ್ ಮಾಡಿದರೆ ಕೇಳಿದ್ದು ‘ನಾವೂ ಬಾಗಲಕೋಟಿ ಕಡೇದವರ್ರೀ’ ಎಂಬಂಥ ಮಾತೇ. ಕೆಲಸಕ್ಕೆ ಅಂತ ಬೆಂಗಳೂರು ಸೇರಿದವರು ಅವರು. ಅವರಿಗೆ ಬೇಕಾಗಿದ್ದೇ ಊರಿನ ಮಾತು. ಅವರು ಈಗ ಎಲ್ಲಿದ್ದಾರೆ ಅನ್ನುವುದನ್ನಷ್ಟೇ ಪಟ್ಟಿ ತೋರಿಸುತ್ತದೆ, ಎಲ್ಲಿಯವರು ಅನ್ನುವುದನ್ನಲ್ಲ. ಅದೂ ಅಂದಾಜು. ಮೊಬೈಲ್ ನೆಟ್‌ನಲ್ಲಿ ನೋಡಿದರೆ ಸಣ್ಣ ಊರಿನವರೂ ದೊಡ್ಡ ಊರಿನ ಲೆಕ್ಕಕ್ಕೆ ಬೀಳಬಹುದು.

ಹಾಗಾಗಿ ನನ್ನ ಮಟ್ಟಿಗೆ ವೇಗಕ್ಕೆ ವಯಸ್ಸಿನ ಪಟ್ಟಿಯೇ ವಾಸಿ. ಅದರಲ್ಲೂ ಒಂದು ತೊಡಕಿದೆ. ಮಗನ ಖಾತೆ ಇರುವ ಫೋನಿನಲ್ಲಿ ಅಮ್ಮ ನೋಡಿದರೆ ಲೆಕ್ಕಕ್ಕೆ ಬರುವುದು ಮಗನ ವಯಸ್ಸು. ಅದಕ್ಕೇ ಆರ್ಡರ್ ಮಾಡಿದವರ ದನಿಯನ್ನೂ ಕಿವಿಗೊಟ್ಟು ಕೇಳುತ್ತೇನೆ. ಊರಿನ ಪಟ್ಟಿಯಿಂದ ಈಗ ಸ್ಕ್ರಿಪ್ಟಿಗೆ ಬರುವುದು ಒಂದೇ ಸಾಲು, ಪಾರ್ಸೆಲ್ ಎಲ್ಲೆಲ್ಲಿ ಮುಟ್ಟುತ್ತದೆ ಅನ್ನುವುದು. ಮಿಕ್ಕಿದ್ದೆಲ್ಲ ಚಿಕ್ಕಮ್ಮನ ಮಾತಿನಲ್ಲೇ ಇರುತ್ತದೆ. ಮೊನ್ನೆಯದು ಶುರುವಾದದ್ದು ಹೀಗೆ: ‘ಬಿಸಿ ರೊಟ್ಟಿ ಐತಿ. ಮ್ಯಾಲೆ ಬೆಣ್ಣಿ ಐತಿ. ಶೇಂಗಾ ಚಟ್ನಿ ಎಲ್ಲೈತ್ರೀ?’ ಪ್ರತಿ ಮಾತಿನ ನಡುವೆ ಒಂದು ಸೆಕೆಂಡ್ ಬಿಡುವು.