ಸಹಸಂಬಂಧ ಸೊನ್ನೆಯೇ? t ಪರೀಕ್ಷೆಯೋ, z ಅಂತರವೋ?

28 ವಿದ್ಯಾರ್ಥಿಗಳ ನಿದ್ದೆಯ ಗಂಟೆ ಮತ್ತು ಟೆಸ್ಟ್ ಅಂಕಗಳ ನಡುವಿನ ಸಹಸಂಬಂಧ r = 0.40 ಬಂತು ಅಂದುಕೊಳ್ಳಿ. ಈಗ ಯಾವ ಲೆಕ್ಕ ಮಾಡಬೇಕು?

ನಿಜವಾದ ಸಂಬಂಧ ಸೊನ್ನೆಯೇ ಅನ್ನುವುದಷ್ಟೇ ಪ್ರಶ್ನೆಯಾದರೆ t ಸಾಕು.

```
t = r√(n−2) / √(1−r²) = 2.23
```

26 ಸ್ವಾತಂತ್ರ್ಯ ಮಟ್ಟಕ್ಕೆ 5% ಗಡಿ 2.06. ಅದನ್ನು ದಾಟಿದೆ, ಹಾಗಾಗಿ ಸೊನ್ನೆ ಅಲ್ಲ ಎನ್ನಬಹುದು. ಆದರೆ ಸಂಬಂಧ ಎಷ್ಟು ಗಟ್ಟಿ ಅಂತ t ಹೇಳುವುದಿಲ್ಲ.

ಅದಕ್ಕೆ 95% ವಿಶ್ವಾಸದ ಅಂತರ ಬೇಕು, ಅಂದರೆ ನಿಜವಾದ ಸಂಬಂಧ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು. ಸುಮ್ನೆ r ಗೆ ಎರಡೂ ಕಡೆ ಒಂದೇ ಅಳತೆ ಕೂಡಿಸಿ ಕಳೆಯುವುದು ಸರಿಯಲ್ಲ. r 1 ದಾಟುವಂತಿಲ್ಲ, ಹಾಗಾಗಿ ಅದರ ಹರಡಿಕೆ ಒಂದು ಕಡೆ ವಾಲುತ್ತದೆ. ಫಿಷರ್ ಅವರ z ಈ ವಾಲಿಕೆಯನ್ನು ಬಹುಮಟ್ಟಿಗೆ ನೇರ ಮಾಡುತ್ತದೆ.

```
z = atanh(0.40) = 0.424
ದೋಷ = 1/√(n−3) = 0.2
0.424 ± 1.96×0.2 → 0.032, 0.816
```

ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. `tanh` ಹಾಕಿ r ಗೆ ಮರಳಿಸಲೇಬೇಕು: 0.03 ರಿಂದ 0.67. ಕೆಳಗೆ ಉದ್ದ, ಮೇಲೆ ಗಿಡ್ಡ, ಅಲ್ವಾ? ಸೊನ್ನೆ ಹೊರಗಿದೆ ನಿಜ, ಆದರೆ ಸಂಬಂಧ ಇಲ್ಲವೆನ್ನುವಷ್ಟು ಸಣ್ಣದೂ ಇರಬಹುದು.

ನನ್ನ ಆಯ್ಕೆ ಅಂತರವೇ. ಸೊನ್ನೆಯ ಬದಲು 0.5 ರ ಜೊತೆ ಹೋಲಿಸಬೇಕಾದರಂತೂ ಮೇಲಿನ t ನಡೆಯದು, z ಬೇಕು. R ನ `cor.test` ಎರಡನ್ನೂ ಕೊಡುತ್ತದೆ: p ಬೆಲೆ t ಯಿಂದ, ಅಂತರ z ನಿಂದ. z ಅಂದಾಜಿನ ಲೆಕ್ಕ. ಗಡಿಯಲ್ಲೇ ಇರುವ r ಗೆ ಎರಡೂ ಬೇರೆ ತೀರ್ಪು ಕೊಟ್ಟರೆ ಗಾಬರಿ ಬೇಡ. ಚುಕ್ಕಿಚಿತ್ರದಲ್ಲಿ ಒಂದೇ ಚುಕ್ಕಿ ದೂರ ನಿಂತಿದ್ದರೆ ಮಾತ್ರ ಎರಡನ್ನೂ ನಂಬಬೇಡಿ.