ಮ್ಯಾಟ್ ಕಟ್ಟಿ ಕ್ರೆಡಿಟ್ ಉಳಿಸಿಕೊಳ್ಳುವುದೇ, ಶೇ 22ರ ದರಕ್ಕೆ ದಾಟುವುದೇ? ನಾಲ್ಕು ವರ್ಷ ಎರಡೂ ಲೆಕ್ಕ ಬರೆದು ನೋಡಿದ್ದು

ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಅದರ ನಿರ್ದೇಶಕರಲ್ಲಿ ನಾನೂ ಒಬ್ಬ. ಲೆಕ್ಕಪತ್ರದ ಹೊಣೆ ನನ್ನದು. 2021ರ ಏಪ್ರಿಲ್‌ನಲ್ಲಿ ಒಂದೂವರೆ ಕೋಟಿ ರೂಪಾಯಿಯ ಹೊಸ ಯಂತ್ರ ಕೂರಿಸಿದೆವು. ಸವಕಳಿ ದೊಡ್ಡದಾಗಿ ಸಿಗುವುದರಿಂದ ಆ ವರ್ಷ ತೆರಿಗೆ ಎರಡು ಲಕ್ಷದೊಳಗೆ ಮುಗಿಯುತ್ತದೆ ಎಂದು ಲೆಕ್ಕ ಹಾಕಿ, ಮುಂಗಡ ತೆರಿಗೆಯನ್ನೂ ಅಷ್ಟೇ ಕಟ್ಟಿದ್ದೆ. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಲೆಕ್ಕಪರಿಶೋಧಕರು ಕೊಟ್ಟ ಹಾಳೆಯಲ್ಲಿ ತೆರಿಗೆ 7.80 ಲಕ್ಷ ಎಂದಿತ್ತು. ವ್ಯತ್ಯಾಸಕ್ಕೆ ಕಾರಣ ಕನಿಷ್ಠ ಪರ್ಯಾಯ ತೆರಿಗೆ, ಅಂದರೆ ಮ್ಯಾಟ್.

ಅಂದಿನಿಂದ ಪ್ರತಿವರ್ಷವೂ ಎರಡು ಕಾಲಂಗಳಲ್ಲಿ ಲೆಕ್ಕ ಬರೆಯುತ್ತ ಬಂದೆ. ಒಂದು, ಹಳೆಯ ಪದ್ಧತಿಯಲ್ಲೇ ಉಳಿದು ಮ್ಯಾಟ್ ಕಟ್ಟಿ, ಹಾಗೆ ಹೆಚ್ಚು ಕಟ್ಟಿದ್ದನ್ನು ಮುಂದಿನ ವರ್ಷಗಳ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ ಆಗಿ ಮುಂದಕ್ಕೆ ಒಯ್ಯುವ ದಾರಿ. ಇನ್ನೊಂದು, ಕಲಂ 115ಬಿಎಎ ಅಡಿಯ ಶೇ 22ರ ದರಕ್ಕೆ ದಾಟಿ ಮ್ಯಾಟ್‌ನಿಂದಲೇ ಹೊರಬರುವ ದಾರಿ. ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಇಲ್ಲಿ ಅಂಕಿಗಳನ್ನು ದುಂಡಾಗಿಸಿದ್ದೇನೆ. ಸವಕಳಿಗೆ ಮುಂಚಿನ ಲಾಭ ಪ್ರತಿವರ್ಷವೂ 60 ಲಕ್ಷ ಎಂದಿಟ್ಟುಕೊಂಡಿದ್ದೇನೆ. ಇದೆಲ್ಲ 2026ರ ಮಾರ್ಚ್ 31ರವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರದ ಲೆಕ್ಕ.

ಮೊದಲು, ಮ್ಯಾಟ್ ಯಾವಾಗ ತಗಲುತ್ತದೆ? ಕಲಂ 115ಜೆಬಿ ಎರಡು ಮೊತ್ತಗಳನ್ನು ಅಕ್ಕಪಕ್ಕ ಇಡುತ್ತದೆ: ತೆರಿಗೆ ಕಾಯ್ದೆಯಂತೆ ಲೆಕ್ಕ ಹಾಕಿದ ಆದಾಯದ ಮೇಲಿನ ಸಾಮಾನ್ಯ ತೆರಿಗೆ, ಮತ್ತು ಕಂಪನಿ ಕಾಯ್ದೆಯಂತೆ ಬರೆದ ಲೆಕ್ಕದಿಂದ ಬರುವ ಪುಸ್ತಕ ಲಾಭದ ಶೇ 15. ಎರಡನೆಯದು ಹೆಚ್ಚಾದರೆ ಅದನ್ನೇ ಕಟ್ಟಬೇಕು. ವಹಿವಾಟು 400 ಕೋಟಿ ಮೀರದ ನಮ್ಮಂಥ ಕಂಪನಿಗೆ ಸಾಮಾನ್ಯ ದರ ಶೇ 25. ಹಾಗಾಗಿ ತೆರಿಗೆಗೆ ಒಳಪಡುವ ಆದಾಯ ಪುಸ್ತಕ ಲಾಭದ ಶೇ 60ಕ್ಕಿಂತ ಕೆಳಗೆ ಇಳಿದ ವರ್ಷ ಮ್ಯಾಟ್ ಬಂತೆಂದೇ ತಿಳಿಯಬೇಕು. ಶೇ 30ರ ದರದವರಿಗೆ ಈ ಗಡಿ ಶೇ 50. ಆದಾಯವೂ ಪುಸ್ತಕ ಲಾಭವೂ ಒಂದು ಕೋಟಿಯೊಳಗೆ ಇರುವವರಿಗೆ ಸರ್‌ಚಾರ್ಜ್ ಇಲ್ಲ, ಶೇ 4ರ ಸೆಸ್ ಮಾತ್ರ ಸೇರುತ್ತದೆ. ಮಾರ್ಚ್ ತಿಂಗಳಲ್ಲಿ ಈ ಒಂದು ಅನುಪಾತ ನೋಡಿದ್ದರೆ ನಾನು ಎಡವುತ್ತಿರಲಿಲ್ಲ.

ನಮ್ಮ ಮೊದಲ ವರ್ಷವನ್ನೇ ನೋಡಿ. ಪುಸ್ತಕದಲ್ಲಿ ಯಂತ್ರಕ್ಕೆ 15 ವರ್ಷದ ಆಯಸ್ಸು, ವರ್ಷಕ್ಕೆ 10 ಲಕ್ಷ ಸವಕಳಿ; ಪುಸ್ತಕ ಲಾಭ 50 ಲಕ್ಷ. ತೆರಿಗೆ ಲೆಕ್ಕದಲ್ಲಿ ಮಾಮೂಲಿ ಶೇ 15 ಮತ್ತು ತಯಾರಿಕಾ ಘಟಕದ ಹೊಸ ಯಂತ್ರಕ್ಕೆ ಸಿಗುವ ಹೆಚ್ಚುವರಿ ಶೇ 20 ಸೇರಿ ಸವಕಳಿ 52.50 ಲಕ್ಷ, ಆದಾಯ ಬರೇ 7.50 ಲಕ್ಷ. ಸಾಮಾನ್ಯ ತೆರಿಗೆ ಸೆಸ್ ಸೇರಿ 1.95 ಲಕ್ಷ, ಮ್ಯಾಟ್ 7.80 ಲಕ್ಷ. ಹೆಚ್ಚು ಕಟ್ಟಿದ 5.85 ಲಕ್ಷ ಕಲಂ 115ಜೆಎಎ ಅಡಿಯಲ್ಲಿ ಕ್ರೆಡಿಟ್ ಆಯಿತು.

ಈ ಪುಸ್ತಕ ಲಾಭದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಲಾಭ-ನಷ್ಟ ಖಾತೆಯ ಕೊನೆಯ ಸಾಲಿನ ಅಂಕಿಯೇ ಪುಸ್ತಕ ಲಾಭವಲ್ಲ. ಅದಕ್ಕೆ ಆದಾಯ ತೆರಿಗೆಗೆಂದು ಎತ್ತಿಟ್ಟ ಮೊತ್ತವನ್ನೂ ಮುಂದೂಡಿದ ತೆರಿಗೆಯನ್ನೂ ವಸೂಲಾಗದ ಬಾಕಿಗೆಂದು ಎತ್ತಿಟ್ಟ ಮೊತ್ತವನ್ನೂ ಮರಳಿ ಕೂಡಿಸಬೇಕು. ನಮ್ಮ ಎರಡು ಸವಕಳಿಗಳ ನಡುವೆ 42.50 ಲಕ್ಷದ ಅಂತರ ಇದ್ದುದರಿಂದ ಆ ವರ್ಷದ ಮುಂದೂಡಿದ ತೆರಿಗೆಯೇ 11 ಲಕ್ಷ ದಾಟಿತ್ತು. ನನ್ನ ಮೊದಲ ಕರಡಿನಲ್ಲಿ ಅದನ್ನು ಕೂಡಿಸಿರಲಿಲ್ಲ; ಹಾಗೇ ಬಿಟ್ಟಿದ್ದರೆ ಮ್ಯಾಟ್ ಸುಮಾರು 1.72 ಲಕ್ಷ ಕಡಿಮೆ ಬೀಳುತ್ತಿತ್ತು. ಫಾರ್ಮ್ 29ಬಿ ಎಂಬ ಲೆಕ್ಕಪರಿಶೋಧಕರ ವರದಿ ಇರುವುದು ಈ ಲೆಕ್ಕಕ್ಕಾಗಿಯೇ. ಅದನ್ನು ರಿಟರ್ನ್‌ನ ಕೊನೆಯ ದಿನಕ್ಕಿಂತ ಒಂದು ತಿಂಗಳು ಮೊದಲೇ ಸಲ್ಲಿಸಬೇಕು.

ಮುಂಗಡ ತೆರಿಗೆ ಕಡಿಮೆ ಕಟ್ಟಿದ್ದಕ್ಕೆ ಬಡ್ಡಿಯೂ ಬಿತ್ತು. ಮ್ಯಾಟ್‌ಗೂ ಮುಂಗಡ ತೆರಿಗೆಯ ನಿಯಮ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ರೋಲ್ಟಾ ಇಂಡಿಯಾ ಪ್ರಕರಣದಲ್ಲಿ ಹೇಳಿದೆ. 5.85 ಲಕ್ಷದ ಕೊರತೆಗೆ ತಿಂಗಳಿಗೆ ಶೇ 1ರಂತೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ 35,100 ರೂಪಾಯಿ; ಕಂತು ತಪ್ಪಿದ್ದರ ಬಡ್ಡಿ ಬೇರೆ. ಮ್ಯಾಟ್ ಆದರೂ ಕ್ರೆಡಿಟ್ ಆಗಿ ಮರಳುತ್ತದೆ, ಈ ಬಡ್ಡಿ ಮರಳುವುದಿಲ್ಲ.

ಇನ್ನು ಕ್ರೆಡಿಟ್ ಬಳಸುವ ಕ್ರಮ. ಕ್ರೆಡಿಟ್ ಕೈಯಲ್ಲಿದೆ ಎಂದು ಮರುವರ್ಷ ಇಡಿಯಾಗಿ ಕಳೆಯಲು ಬರುವುದಿಲ್ಲ. ಸಾಮಾನ್ಯ ತೆರಿಗೆ ಮ್ಯಾಟ್‌ಗಿಂತ ಹೆಚ್ಚಾದ ವರ್ಷದಲ್ಲಿ, ಆ ಎರಡರ ಅಂತರದಷ್ಟನ್ನು ಮಾತ್ರ ಕಳೆಯಬಹುದು. ಅಂದರೆ ಕ್ರೆಡಿಟ್ ಎಷ್ಟೇ ಇರಲಿ, ಕಟ್ಟುವ ತೆರಿಗೆ ಆ ವರ್ಷದ ಮ್ಯಾಟ್ ಮೊತ್ತಕ್ಕಿಂತ ಕೆಳಗೆ ಇಳಿಯದು. ಎರಡನೆಯ ವರ್ಷ ಉಳಿದ ಮೌಲ್ಯ 97.50 ಲಕ್ಷದ ಮೇಲೆ ಶೇ 15 ಸವಕಳಿ ಕಳೆದು ಆದಾಯ 45.38 ಲಕ್ಷ, ಸಾಮಾನ್ಯ ತೆರಿಗೆ 11.80 ಲಕ್ಷ. ಮ್ಯಾಟ್ ಅದೇ 7.80 ಲಕ್ಷ. ಆದ್ದರಿಂದ 5.85ರಲ್ಲಿ 4.00 ಲಕ್ಷ ಮಾತ್ರ ಬಳಕೆಯಾಯಿತು, 1.85 ಲಕ್ಷ ಉಳಿಯಿತು. ಅದು ಮೂರನೆಯ ವರ್ಷಕ್ಕೆ ಮುಗಿಯಿತು. ಕಾಯ್ದೆ ಕೊಡುವ ಗಡುವು 15 ಕರನಿರ್ಧರಣಾ ವರ್ಷ. 2022-23ರ ಕರನಿರ್ಧರಣಾ ವರ್ಷದಲ್ಲಿ, ಅಂದರೆ 2021-22ರ ಆದಾಯಕ್ಕೆ, ಹುಟ್ಟಿದ ನಮ್ಮ ಕ್ರೆಡಿಟ್‌ಗೆ 2037-38ರವರೆಗೆ ಸಮಯವಿತ್ತು. ಆದರೆ ಈ ಹಣಕ್ಕೆ ಸರ್ಕಾರ ಬಡ್ಡಿ ಕೊಡುವುದಿಲ್ಲ, ಹಾಗಾಗಿ ಬೇಗ ಬಳಸಿದಷ್ಟೂ ಒಳ್ಳೆಯದು. ಪ್ರತಿವರ್ಷ ಐಟಿಆರ್-6ರ ಮ್ಯಾಟ್ ಕ್ರೆಡಿಟ್ ಅನುಸೂಚಿಯಲ್ಲಿ ವರ್ಷವಾರು ಉಳಿಕೆಯನ್ನು ಹಿಂದಿನ ರಿಟರ್ನ್ ಜೊತೆ ತಾಳೆ ನೋಡುವುದನ್ನು ನಾನು ಎಂದೂ ಬಿಟ್ಟಿಲ್ಲ.

ಎರಡನೆಯ ಕಾಲಂ ನೋಡಲು ಸರಳ. ದರ ಶೇ 22, ಅದರ ಮೇಲೆ ಶೇ 10 ಸರ್‌ಚಾರ್ಜ್, ಸೆಸ್. ಒಟ್ಟು ಶೇ 25.168. ಆದಾಯ ಎಷ್ಟು ಸಣ್ಣದಾದರೂ ಇಲ್ಲಿ ಸರ್‌ಚಾರ್ಜ್ ತಪ್ಪುವುದಿಲ್ಲ. ಹೀಗಾಗಿ ಒಂದು ಕೋಟಿಯೊಳಗಿನ ಆದಾಯಕ್ಕೆ ಹಳೆಯ ಶೇ 26ಕ್ಕೂ ಇದಕ್ಕೂ ಇರುವ ಅಂತರ ಒಂದು ಶೇಕಡಾವೂ ಇಲ್ಲ. 22 ಮತ್ತು 25 ಎಂಬ ಅಂಕಿಗಳನ್ನಷ್ಟೇ ನೋಡಿ ತೀರ್ಮಾನಿಸುವವರು ಗಮನಿಸಬೇಕಾದದ್ದು ಇದು. ಮ್ಯಾಟ್ ಇಲ್ಲ, ನಿಜ; ಆದರೆ ಹೆಚ್ಚುವರಿ ಸವಕಳಿಯೂ ಇಲ್ಲ. ಈ ದರ ಆಯ್ದುಕೊಳ್ಳುವ ಫಾರ್ಮ್ 10-ಐಸಿಯನ್ನು ರಿಟರ್ನ್‌ನ ಗಡುವಿನೊಳಗೆ ಸಲ್ಲಿಸಬೇಕು, ಒಮ್ಮೆ ಆಯ್ದ ಮೇಲೆ ಹಿಂದಿರುಗುವಂತಿಲ್ಲ.

ಎರಡೂ ಕಾಲಂಗಳಲ್ಲಿ ಕಟ್ಟಬೇಕಾದ ತೆರಿಗೆ ಹೀಗೆ ಬಂತು, ಲಕ್ಷಗಳಲ್ಲಿ:

| ಹಣಕಾಸು ವರ್ಷ | ಮ್ಯಾಟ್ ಮತ್ತು ಕ್ರೆಡಿಟ್ ದಾರಿ | ಆರಂಭದಿಂದಲೇ ಶೇ 22 |
|---|---|---|
| 2021-22 | 7.80 | 9.44 |
| 2022-23 | 7.80 | 10.29 |
| 2023-24 | 10.52 | 11.01 |
| ಒಟ್ಟು | 26.12 | 30.74 |

ಮೂರು ವರ್ಷಕ್ಕೆ 4.62 ಲಕ್ಷ ಉಳಿಯಿತು ಎಂದು ನಾನು ಮೊದಲು ಹಿಗ್ಗಿದ್ದೆ. ಆಮೇಲೆ ಯಂತ್ರದ ಉಳಿದ ಮೌಲ್ಯ ಹೋಲಿಸಿದೆ. ಹಳೆಯ ದಾರಿಯಲ್ಲಿ ಅದು 70 ಲಕ್ಷಕ್ಕೆ ಇಳಿದಿತ್ತು, ಹೊಸ ದಾರಿಯಲ್ಲಿ ಇನ್ನೂ 92 ಲಕ್ಷ. ಅಂದರೆ ಮುಂದಿನ ವರ್ಷಗಳಲ್ಲಿ ಹೊಸ ದಾರಿಯವರಿಗೆ ಹೆಚ್ಚು ಸವಕಳಿ ಬಾಕಿ ಇದೆ. ನಾವು ಉಳಿಸಿದ್ದೇವೆ ಅಂದುಕೊಂಡದ್ದೆಲ್ಲ ಮುಂದೂಡಿದ ತೆರಿಗೆಯೇ. ನಾಲ್ಕನೆಯ ವರ್ಷದಿಂದ ಎರಡೂ ಕಡೆ ಶೇ 22ರ ದರ ಎಂದಿಟ್ಟುಕೊಂಡು ಯಂತ್ರದ ಪೂರ್ತಿ ಆಯಸ್ಸಿನ ಲೆಕ್ಕ ತೆಗೆದರೆ, ಮೊದಲ ಮೂರು ವರ್ಷದ ದರದ ಅಂತರದಿಂದಾಗಿ ಹಳೆಯ ದಾರಿಯೇ ಸುಮಾರು 84 ಸಾವಿರ ದುಬಾರಿ. ಹಾಗಿದ್ದೂ ನಮಗೆ ಅದೇ ಸರಿಹೋಯಿತು. ಯಂತ್ರಕ್ಕೆ ಬ್ಯಾಂಕ್ ಸಾಲವಿತ್ತು. ಕೈಯಲ್ಲಿ ಉಳಿದ ಹಣಕ್ಕೆ ಶೇ 10ರ ಬಡ್ಡಿ ಲೆಕ್ಕ ಹಾಕಿದರೂ ಆರಂಭದ ಕೆಲವೇ ವರ್ಷಗಳಲ್ಲಿ ಒಂದು ಲಕ್ಷ ದಾಟುತ್ತದೆ. ಸಾಲವಿಲ್ಲದ, ಹೊಸ ಯಂತ್ರ ಕೊಳ್ಳದ ಕಂಪನಿಗೆ ಈ ವಾದ ನಿಲ್ಲುವುದಿಲ್ಲ. ಅಂಥವರು ಮೊದಲ ವರ್ಷವೇ ದಾಟುವುದು ಒಳಿತು ಎಂದೇ ನನ್ನ ಅಭಿಪ್ರಾಯ.

ನಿಜವಾದ ನಷ್ಟ ಈ ಎರಡು ಕಾಲಂಗಳಲ್ಲಿ ಯಾವುದರಲ್ಲೂ ಇಲ್ಲ. ಅದಿರುವುದು ಕ್ರೆಡಿಟ್ ಕೈಯಲ್ಲಿರುವಾಗಲೇ ದಾಟುವುದರಲ್ಲಿ. ಶೇ 22ರ ದರ ಆಯ್ದ ಕಂಪನಿಗೆ ಹಿಂದಿನ ಮ್ಯಾಟ್ ಕ್ರೆಡಿಟ್ ಸಿಗದು ಎಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ 2019ರ ಅಕ್ಟೋಬರ್ 2ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತ್ತು. ನನಗೆ ಪರಿಚಯದ ಒಂದು ಕಂಪನಿ ಇದನ್ನು ಗಮನಿಸದೆ ದಾಟಿ, ಕೂಡಿಟ್ಟ ಕ್ರೆಡಿಟ್ ಎಲ್ಲವನ್ನೂ ಕಳೆದುಕೊಂಡಿತು. ಆ ಸಂಕಟ ನೋಡಿ ನಮ್ಮ ಎರಡನೆಯ ವರ್ಷಕ್ಕೂ ಅದೇ ಲೆಕ್ಕ ಹಾಕಿದೆ: ಉಳಿದುಕೊಂಡರೆ ತೆರಿಗೆ 7.80 ಲಕ್ಷ, ದಾಟಿದರೆ 11.42 ಲಕ್ಷ, ಜೊತೆಗೆ ಮುಂದಿನ ವರ್ಷಕ್ಕೆ ಉಳಿಯಬೇಕಿದ್ದ 1.85 ಲಕ್ಷವೂ ಶೂನ್ಯ. ಇದು ಸವಕಳಿಯಂತೆ ಮುಂದೆ ಮರಳುವ ಹಣವಲ್ಲ, ಹೋದದ್ದು ಹೋಯಿತು.

ನಾವು ದಾಟಿದ್ದು ಕ್ರೆಡಿಟ್ ಪೂರ್ತಿ ಮುಗಿದ ಮೇಲೆ, 2024-25ರ ಲೆಕ್ಕಕ್ಕೆ. ಆ ವರ್ಷ ಹಳೆಯ ದಾರಿಯಲ್ಲಿ 12.85 ಲಕ್ಷ ಬರುತ್ತಿತ್ತು, ಹೊಸ ದರದಲ್ಲಿ 12.44 ಲಕ್ಷ. ಬಾಕಿ ನಷ್ಟವಾಗಲೀ ಹೀರಿಕೊಳ್ಳದ ಸವಕಳಿಯಾಗಲೀ ಇರಲಿಲ್ಲವಾದ್ದರಿಂದ ಬಿಟ್ಟುಕೊಡಬೇಕಾದದ್ದು ಏನೂ ಇರಲಿಲ್ಲ.

ಈಗಲೂ ಕ್ರೆಡಿಟ್ ಇಟ್ಟುಕೊಂಡಿರುವವರಿಗೆ ಈ ಕ್ರಮ ತಲೆಕೆಳಗಾಗುವಂಥ ಪ್ರಸ್ತಾಪ 2026ರ ಫೆಬ್ರುವರಿಯ ಬಜೆಟ್‌ನಲ್ಲಿ ಬಂತು. ಅದರಂತೆ 2026ರ ಏಪ್ರಿಲ್ 1ರಿಂದ ಮ್ಯಾಟ್ ದರ ಶೇ 14ಕ್ಕೆ ಇಳಿದು ಅದೇ ಅಂತಿಮ ತೆರಿಗೆಯಾಗುತ್ತದೆ, ಹೊಸ ಕ್ರೆಡಿಟ್ ಹುಟ್ಟುವುದಿಲ್ಲ. ಮಾರ್ಚ್ 31ರವರೆಗೆ ಕೂಡಿದ ಹಳೆಯ ಕ್ರೆಡಿಟ್ ಅನ್ನು ಶೇ 22ರ ದರದಂಥ ಹೊಸ ಪದ್ಧತಿಗೆ ಬಂದ ಕಂಪನಿಗಳು ಮಾತ್ರ, ವರ್ಷದ ತೆರಿಗೆಯ ಕಾಲು ಭಾಗದ ಮಿತಿಯಲ್ಲಿ ಬಳಸಬಹುದು. ನಮ್ಮ 1.85 ಲಕ್ಷದಂಥ ಉಳಿಕೆ ಇದ್ದು ತೆರಿಗೆ 11 ಲಕ್ಷ ಬರುವ ಕಂಪನಿಗೆ ಕಾಲು ಭಾಗ 2.75 ಲಕ್ಷ, ಒಂದೇ ವರ್ಷದಲ್ಲಿ ಎಲ್ಲವೂ ಕಳೆದುಹೋಗುತ್ತದೆ. ಉಳಿಕೆ 20 ಲಕ್ಷವಾದರೆ ಅದೇ ತೆರಿಗೆಗೆ ಏಳೆಂಟು ವರ್ಷ ಬೇಕು. ಅಂಥವರು ಪ್ರತಿ ವರ್ಷದ ಕ್ರೆಡಿಟ್‌ಗೆ 15 ವರ್ಷದ ಗಡುವು ಎಂದಿಗೆ ಮುಗಿಯುತ್ತದೆ ಎಂಬುದನ್ನು ಈಗಲೇ ಪಟ್ಟಿ ಮಾಡಿಟ್ಟುಕೊಳ್ಳಬೇಕು.